ಪಟ್ಟಿಗೆ ಸೇರಿದ ಹೆಸರು: ಉದ್ದೇಶಿತ ನಿರ್ಬಂಧಗಳು ಮತ್ತು ಕಾದಿ ಪ್ರಕರಣ – ಮುಖ್ಯಾಂಶಗಳು

ಹಿನ್ನೆಲೆ

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 661ನೇ ನಿರ್ಣಯದ ಮೂಲಕ ಇಡೀ ದೇಶದ ವ್ಯಾಪಾರವನ್ನು ನಿಲ್ಲಿಸಿತು. ಅದರ ಪೆಟ್ಟು ಬಿದ್ದದ್ದು ಆಳುವವರಿಗಿಂತ ಹೆಚ್ಚಾಗಿ ಸಾಮಾನ್ಯ ಜನರಿಗೆ. ಆಹಾರ, ಔಷಧಿ ಸಿಗದೆ ಇರಾಕಿನ ಮಕ್ಕಳು, ಮುದುಕರು ಪಟ್ಟ ಪಾಡನ್ನು ಕಂಡ ಮೇಲೆ, ದೇಶವನ್ನು ಬಿಟ್ಟು ಹೊಣೆಗಾರರಾದ ವ್ಯಕ್ತಿಗಳನ್ನೇ ಹಿಡಿಯಬೇಕು ಎಂಬ ಅಭಿಪ್ರಾಯ ಬಲವಾಯಿತು. ಹೀಗೆ ಬಳಕೆಗೆ ಬಂದದ್ದು ಉದ್ದೇಶಿತ ನಿರ್ಬಂಧ: ಹೆಸರಿಸಿದ ವ್ಯಕ್ತಿ ಅಥವಾ ಸಂಸ್ಥೆಯ ಆಸ್ತಿಯನ್ನು ಸ್ತಂಭನಗೊಳಿಸುವುದು, ಪ್ರಯಾಣವನ್ನು ನಿಷೇಧಿಸುವುದು, ಶಸ್ತ್ರಾಸ್ತ್ರ ಪೂರೈಕೆಯನ್ನು ತಡೆಯುವುದು.

ಇದರ ಕಾನೂನು ಆಧಾರ ವಿಶ್ವಸಂಸ್ಥೆಯ ಸನ್ನದಿನ ಏಳನೇ ಅಧ್ಯಾಯ, ಅದರಲ್ಲೂ 41ನೇ ವಿಧಿ. 25ನೇ ವಿಧಿಯ ಪ್ರಕಾರ ಮಂಡಳಿಯ ತೀರ್ಮಾನಕ್ಕೆ ಸದಸ್ಯ ದೇಶಗಳು ಬದ್ಧ. 103ನೇ ವಿಧಿಯ ಪ್ರಕಾರ ಸನ್ನದಿನ ಬಾಧ್ಯತೆ ಉಳಿದೆಲ್ಲ ಒಪ್ಪಂದಗಳ ಬಾಧ್ಯತೆಗಿಂತ ಮೇಲು. ಕಾದಿ ಪ್ರಕರಣದ ವಾದವೆಲ್ಲ ಸುತ್ತಿದ್ದು ಈ ಕೊನೆಯ ವಿಧಿಯ ಸುತ್ತಲೇ.

ಇಡೀ ಊರಿನ ಬದಲು ಒಬ್ಬನನ್ನು ಗುರಿಯಾಗಿಸುವುದು ಹೆಚ್ಚು ನ್ಯಾಯ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಒಬ್ಬ ವ್ಯಕ್ತಿಯ ಹೆಸರು ಹಿಡಿದ ಕೂಡಲೇ ಬೇರೆ ಪ್ರಶ್ನೆಗಳು ಬರುತ್ತವೆ. ಆತ ಮಾಡಿದ್ದೇನು? ಅದಕ್ಕೆ ಸಾಕ್ಷ್ಯವೇನು? ಆತನ ಮಾತನ್ನು ಕೇಳಿದವರು ಯಾರು? ನಿರ್ಬಂಧ ವ್ಯವಸ್ಥೆಯನ್ನು ರೂಪಿಸಿದವರು ಮೊದಲ ಹತ್ತು ವರ್ಷ ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡಲಿಲ್ಲ.

ಹೆಸರು ಪಟ್ಟಿ ಸೇರುವ ಬಗೆ

ಹೆಚ್ಚು ಚರ್ಚೆಯಾದದ್ದು 1267ರ ಪಟ್ಟಿ. 1999ರ ಅಕ್ಟೋಬರ್ 15ರಂದು ಬಂದ 1267ನೇ ನಿರ್ಣಯದ ಗುರಿ ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತ. ಒಸಾಮಾ ಬಿನ್ ಲಾಡೆನ್‌ನನ್ನು ಒಪ್ಪಿಸಬೇಕು ಎಂಬುದು ಬೇಡಿಕೆ. 2000ದ ಡಿಸೆಂಬರ್‌ನ 1333ನೇ ನಿರ್ಣಯ ಬಿನ್ ಲಾಡೆನ್ ಮತ್ತು ಅಲ್ ಖೈದಾ ಜತೆ ನಂಟಿರುವವರನ್ನೂ ಒಳಕ್ಕೆ ತಂದಿತು. 2002ರ ಜನವರಿಯಲ್ಲಿ ಬಂದ 1390ನೇ ನಿರ್ಣಯ ಅಫ್ಘಾನಿಸ್ತಾನದ ನಂಟನ್ನೇ ಬಿಡಿಸಿತು. ಅಲ್ಲಿಂದ ಮುಂದೆ ಪಟ್ಟಿಗೆ ದೇಶದ ಗಡಿಯೂ ಇಲ್ಲ, ಕೊನೆಯ ದಿನಾಂಕವೂ ಇಲ್ಲ.

ಪಟ್ಟಿಯನ್ನು ನೋಡಿಕೊಳ್ಳುವುದು ನಿರ್ಬಂಧ ಸಮಿತಿ. ಭದ್ರತಾ ಮಂಡಳಿಯ 15 ಸದಸ್ಯ ದೇಶಗಳೇ ಇದರ ಸದಸ್ಯರು. ಒಂದು ದೇಶ ಹೆಸರನ್ನು ಸೂಚಿಸುತ್ತದೆ, ನಿಗದಿತ ಅವಧಿಯೊಳಗೆ ಯಾರೂ ಆಕ್ಷೇಪ ಎತ್ತದಿದ್ದರೆ ಹೆಸರು ಸೇರಿತು. ಆ ಅವಧಿ ಆರಂಭದಲ್ಲಿ 48 ಗಂಟೆ ಮಾತ್ರ ಇತ್ತು, ಅನಂತರ ಹಂತ ಹಂತವಾಗಿ 10 ಕೆಲಸದ ದಿನಗಳಿಗೆ ಬಂತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ವಾರಗಳಲ್ಲಿ ಅಮೆರಿಕ ಉದ್ದುದ್ದ ಹೆಸರುಗಳನ್ನು ಕಳಿಸಿದಾಗ, 48 ಗಂಟೆಯೊಳಗೆ ಪ್ರತಿ ಹೆಸರಿನ ಹಿಂದಿನ ಮಾಹಿತಿಯನ್ನು ಪರಿಶೀಲಿಸುವುದು ಉಳಿದ ದೇಶಗಳಿಂದ ಆಗುವ ಕೆಲಸವಾಗಿರಲಿಲ್ಲ. ಗುಪ್ತಚರ ಮಾಹಿತಿ ಸೂಚಿಸಿದ ದೇಶದ ಬಳಿಯೇ ಉಳಿಯುತ್ತಿತ್ತು.

ಸೇರಿಸುವುದಕ್ಕೆ ಒಮ್ಮತ ಬೇಕು, ಆಗ ತೆಗೆಯುವುದಕ್ಕೂ ಒಮ್ಮತ ಬೇಕಿತ್ತು. ಈ ಒಂದೇ ನಿಯಮ ಎರಡು ಕಡೆಗೂ ಕೆಲಸ ಮಾಡುತ್ತಿತ್ತು. ಭಾರತದ ಓದುಗರಿಗೆ ಪರಿಚಿತ ಉದಾಹರಣೆ ಮಸೂದ್ ಅಜರ್. ಒಂದು ದೇಶದ, ಅಂದರೆ ಚೀನಾದ, ತಾಂತ್ರಿಕ ತಡೆಯಿಂದಾಗಿ ವರ್ಷಗಟ್ಟಲೆ ನಿಂತಿದ್ದ ಪ್ರಸ್ತಾವ, ತಡೆ ತೆರವಾದ ಮೇಲೆ 2019ರ ಮೇ 1ರಂದು ಜಾರಿಗೆ ಬಂತು. ಒಳಗೆ ಸೇರಿದವನು ಹೊರಬರಲು ಹೊರಟಾಗಲೂ ಆಗ ಇದೇ ಕಥೆಯಾಗಿತ್ತು. ಹೆಸರು ಸೂಚಿಸಿದ ದೇಶವೊಂದೇ ಬೇಡ ಎಂದರೂ ಸಾಕಿತ್ತು.

ಪಟ್ಟಿ ಸೇರಿದ ಮೇಲೆ ಬದುಕು

ಸ್ತಂಭನ ಮುಟ್ಟುಗೋಲಲ್ಲ. ಆಸ್ತಿಯ ಒಡೆತನ ವ್ಯಕ್ತಿಯದ್ದೇ, ಬಳಸುವ ಹಕ್ಕು ಮಾತ್ರ ಇಲ್ಲ. ಬೇರೆಯವರು ಆತನಿಗೆ ಹಣವನ್ನಾಗಲಿ ಆರ್ಥಿಕ ನೆರವನ್ನಾಗಲಿ ಕೊಡುವಂತಿಲ್ಲ. ಇದು ಶಿಕ್ಷೆಯಲ್ಲ, ಮುಂಜಾಗ್ರತಾ ಕ್ರಮ, ಆದ್ದರಿಂದ ಕ್ರಿಮಿನಲ್ ಪ್ರಕರಣದ ರಕ್ಷಣೆಗಳು ಇಲ್ಲಿ ಅನ್ವಯಿಸುವುದಿಲ್ಲ ಎಂಬುದು ಸಮರ್ಥಕರ ವಾದ. ಪರೀಕ್ಷೆಯಲ್ಲಿ ಈ ವಾದವನ್ನು ಬರೆಯಲೇಬೇಕು, ಏಕೆಂದರೆ ಅದರಲ್ಲಿ ತಿರುಳಿದೆ: ಹಣ ಸಾಗಿಹೋಗುವ ಮೊದಲೇ ತಡೆಯುವುದು ನಿರ್ಬಂಧದ ಕೆಲಸ. ಆದರೆ ಮುಂಜಾಗ್ರತೆ ಎಂಬ ಹೆಸರಿನಲ್ಲಿ ಹತ್ತು ವರ್ಷ ನಡೆದದ್ದನ್ನು ಶಿಕ್ಷೆ ಅಲ್ಲ ಎಂದು ಹೇಳುವುದು ಕಷ್ಟ.

ಮೊದಮೊದಲು ಈ ಪಟ್ಟಿಯಲ್ಲಿದ್ದವರಿಗೆ ಊಟ, ಬಾಡಿಗೆ, ಔಷಧಿ, ವಕೀಲರ ಶುಲ್ಕಕ್ಕೂ ತಮ್ಮ ಹಣ ಬಳಸಲು ಸ್ಪಷ್ಟ ವಿನಾಯಿತಿ ಇರಲಿಲ್ಲ. ಅದು ಬಂದದ್ದು 2002ರ ಡಿಸೆಂಬರ್‌ನಲ್ಲಿ, 1452ನೇ ನಿರ್ಣಯದ ಮೂಲಕ. ವಿನಾಯಿತಿ ಬಂದ ಮೇಲೂ ಮನೆಯೊಳಗಿನ ಪರಿಸ್ಥಿತಿ ಹೇಗಿತ್ತು ಎಂಬುದನ್ನು ಬ್ರಿಟನ್ನಿನ ಒಂದು ಪ್ರಕರಣ ತೋರಿಸುತ್ತದೆ. ಪಟ್ಟಿಯಲ್ಲಿದ್ದ ಗಂಡಂದಿರ ಪತ್ನಿಯರಿಗೆ ಸರ್ಕಾರದಿಂದ ಬರುತ್ತಿದ್ದ ಸಾಮಾಜಿಕ ಭದ್ರತಾ ಭತ್ಯೆಗೂ ಷರತ್ತು ಹಾಕಲಾಗಿತ್ತು. ಮನೆಯ ಪ್ರತಿ ಸದಸ್ಯನ ಲೆಕ್ಕಕ್ಕೆ 10 ಪೌಂಡ್ ಮಾತ್ರ ನಗದಾಗಿ ತೆಗೆಯಬಹುದು, ಉಳಿದದ್ದನ್ನು ಡೆಬಿಟ್ ಕಾರ್ಡಿನಲ್ಲೇ ಖರ್ಚು ಮಾಡಬೇಕು, ಪ್ರತಿ ತಿಂಗಳು ರಸೀದಿಗಳ ಸಮೇತ ಖಜಾನೆ ಇಲಾಖೆಗೆ ಲೆಕ್ಕ ಒಪ್ಪಿಸಬೇಕು. ಹೆಂಡತಿ ಅಡುಗೆ ಮಾಡಿ ಬಡಿಸಿದರೆ ಗಂಡನಿಗೆ ಪರೋಕ್ಷವಾಗಿ ಲಾಭವಾಗುತ್ತದೆ ಎಂಬುದು ಇಲಾಖೆಯ ತರ್ಕ. ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯ 2010ರ ಏಪ್ರಿಲ್ 29ರಂದು ಇದನ್ನು ಒಪ್ಪಲಿಲ್ಲ. ಮನೆಖರ್ಚಿಗಾಗಿ ಹೆಂಡತಿಗೆ ಬರುವ ಭತ್ಯೆ ಭಯೋತ್ಪಾದನೆಗೆ ಹಣವಾಗಿ ತಿರುಗುವ ಅಪಾಯ ಇಲ್ಲ ಎಂದಿತು.

ಪ್ರಯಾಣ ನಿಷೇಧಕ್ಕೆ ನಾದಾ ಪ್ರಕರಣವನ್ನು ಉದಾಹರಿಸಬಹುದು. ಯೂಸುಫ್ ನಾದಾ ವಾಸವಿದ್ದದ್ದು ಕಂಪಿಯೋನೆ ಎಂಬಲ್ಲಿ. ಅದು ಇಟಲಿಗೆ ಸೇರಿದ, ಆದರೆ ಸುತ್ತ ಸ್ವಿಟ್ಜರ್ಲೆಂಡ್ ಇರುವ, ಸುಮಾರು 1.6 ಚದರ ಕಿಲೋಮೀಟರ್‌ನ ಊರು. ಸ್ವಿಸ್ ನೆಲದ ಮೇಲೆ ಕಾಲಿಡುವಂತಿಲ್ಲ ಎಂದ ಮೇಲೆ ಆ ವೃದ್ಧರಿಗೆ ಊರೇ ಬಂದೀಖಾನೆಯಾಯಿತು. ವೈದ್ಯರನ್ನು ನೋಡಲು ಹೋಗಬೇಕಾದರೂ ಅನುಮತಿ ಬೇಕು. ಸ್ವಿಸ್ ತನಿಖೆ 2005ರಲ್ಲೇ ಮುಕ್ತಾಯಗೊಂಡರೂ ಅವರ ಹೆಸರು ಪಟ್ಟಿಯಿಂದ ಹೋದದ್ದು 2009ರ ಸೆಪ್ಟೆಂಬರ್‌ನಲ್ಲಿ. ಖಾಸಗಿ ಮತ್ತು ಕೌಟುಂಬಿಕ ಬದುಕಿನ ಹಕ್ಕು (8ನೇ ವಿಧಿ), ಪರಿಣಾಮಕಾರಿ ಪರಿಹಾರದ ಹಕ್ಕು (13ನೇ ವಿಧಿ) ಎರಡೂ ಉಲ್ಲಂಘನೆಯಾಗಿವೆ ಎಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2012ರ ಸೆಪ್ಟೆಂಬರ್ 12ರಂದು ತೀರ್ಪಿತ್ತಿತು.

ಕಾದಿ: ಮೊದಲ ಸುತ್ತು (2001–2008)

ಯಾಸಿನ್ ಅಬ್ದುಲ್ಲಾ ಕಾದಿ ಸೌದಿ ಅರೇಬಿಯಾದ ಉದ್ಯಮಿ, ಯುರೋಪಿನಲ್ಲಿ ಸಾಕಷ್ಟು ಆಸ್ತಿ ಇದ್ದವರು. 2001ರ ಅಕ್ಟೋಬರ್ 12ರಂದು ಅಮೆರಿಕ ಅವರನ್ನು ತನ್ನ ಪಟ್ಟಿಗೆ ಸೇರಿಸಿತು, 17ರಂದು ವಿಶ್ವಸಂಸ್ಥೆಯ ಸಮಿತಿ ಸೇರಿಸಿತು, 19ರಂದು ಯುರೋಪಿಯನ್ ಆಯೋಗ ಅದನ್ನು ಜಾರಿಗೊಳಿಸಿತು. ವಾಷಿಂಗ್ಟನ್ನಿನಿಂದ ಬ್ರಸೆಲ್ಸ್‌ವರೆಗೆ ಒಂದು ವಾರ. ಈ ವಾರದಲ್ಲಾಗಲಿ, ಮುಂದಿನ ಏಳು ವರ್ಷಗಳಲ್ಲಾಗಲಿ, ನಿಮ್ಮ ಮೇಲಿನ ಆರೋಪ ಇಂಥದ್ದು ಎಂದು ಯುರೋಪಿನ ಯಾವ ಸಂಸ್ಥೆಯೂ ಅವರಿಗೆ ಅಧಿಕೃತವಾಗಿ ತಿಳಿಸಲಿಲ್ಲ. ಆಗ ಸಮಿತಿಗೆ ನೇರವಾಗಿ ಅರ್ಜಿ ಹಾಕುವ ದಾರಿಯೂ ಇರಲಿಲ್ಲ. ಬೇಕಿದ್ದರೆ ತಮ್ಮ ಪರವಾಗಿ ಮಾತಾಡುವಂತೆ ತಮ್ಮ ಸರ್ಕಾರವನ್ನೇ ಕೇಳಿಕೊಳ್ಳಬೇಕಿತ್ತು. ವ್ಯಕ್ತಿಗಳಿಂದ ನೇರವಾಗಿ ಅರ್ಜಿ ಪಡೆಯುವ ಕೇಂದ್ರವೊಂದು, ಅದೂ ಅರ್ಜಿಯನ್ನು ಮುಂದಕ್ಕೆ ರವಾನಿಸುವುದಕ್ಕಷ್ಟೇ, ಬಂದದ್ದು 2006ರ ಡಿಸೆಂಬರ್‌ನ 1730ನೇ ನಿರ್ಣಯದಿಂದ.

ಕಾದಿ ಲಕ್ಸೆಂಬರ್ಗ್‌ಗೆ ಹೋದರು. ಅವರ ದೂರಿನಲ್ಲಿ ಮೂರು ಅಂಶಗಳಿದ್ದವು, ಮತ್ತು ಪಟ್ಟಿ ಸೇರಿದ ಬಹುಪಾಲು ಜನರ ದೂರೂ ಇವೇ: ನನ್ನ ಮಾತು ಕೇಳಿಲ್ಲ, ಪರಿಣಾಮಕಾರಿ ನ್ಯಾಯಾಂಗ ವಿಮರ್ಶೆ ಇಲ್ಲ, ನನ್ನ ಆಸ್ತಿಯ ಹಕ್ಕಿಗೆ ಅಳತೆ ಮೀರಿ ಧಕ್ಕೆಯಾಗಿದೆ.

2005ರ ಸೆಪ್ಟೆಂಬರ್ 21ರಂದು ಕೆಳಹಂತದ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಯುರೋಪಿನ ನಿಯಮ ಮಂಡಳಿಯ ನಿರ್ಣಯದ ನೆರಳು ಮಾತ್ರ, ಅದನ್ನು ಪರಿಶೀಲಿಸಿದರೆ ನಿರ್ಣಯವನ್ನೇ ಪರಿಶೀಲಿಸಿದಂತೆ, 103ನೇ ವಿಧಿ ಅದಕ್ಕೆ ಅಡ್ಡ ಬರುತ್ತದೆ ಎಂದಿತು. ಚಿತ್ರಹಿಂಸೆಯ ನಿಷೇಧದಂಥ, ಯಾವ ದೇಶವೂ ಮೀರಲಾಗದ ಅಂತರರಾಷ್ಟ್ರೀಯ ಪರಮ ನಿಯಮಗಳ ಮಟ್ಟಿಗಷ್ಟೇ ನೋಡುತ್ತೇವೆ ಎಂದು ನೋಡಿ, ಉಲ್ಲಂಘನೆ ಇಲ್ಲ ಎಂದಿತು.

2008ರ ಸೆಪ್ಟೆಂಬರ್ 3ರಂದು ಯುರೋಪಿಯನ್ ನ್ಯಾಯಾಲಯದ ಮಹಾಪೀಠ ಆ ತೀರ್ಪನ್ನು ರದ್ದುಪಡಿಸಿತು. ಇಲ್ಲಿ ಅಭ್ಯರ್ಥಿಗಳು ಪದೇ ಪದೇ ತಪ್ಪುವ ಜಾಗವೊಂದಿದೆ. ನ್ಯಾಯಾಲಯ ಭದ್ರತಾ ಮಂಡಳಿಯ ನಿರ್ಣಯವನ್ನು ರದ್ದು ಮಾಡಲಿಲ್ಲ, ಅದರ ಸಿಂಧುತ್ವವನ್ನು ಪರಿಶೀಲಿಸಲೂ ಇಲ್ಲ. ನಾವು ನೋಡುತ್ತಿರುವುದು ಯುರೋಪಿನ ಸ್ವಂತ ನಿಯಮವನ್ನು, ಅದು ಯುರೋಪಿನ ಮೂಲಭೂತ ಹಕ್ಕುಗಳಿಗೆ ಒಳಪಟ್ಟಿರಲೇಬೇಕು, ಹೊರಗಿನ ಒಪ್ಪಂದ ಯಾವುದೇ ಇರಲಿ ನಮ್ಮ ಸಾಂವಿಧಾನಿಕ ತತ್ವಗಳನ್ನು ಅದು ಬದಿಗೆ ಸರಿಸಲಾರದು ಎಂಬುದು ಅದರ ನಿಲುವು. ನ್ಯೂಯಾರ್ಕ್‌ನ ಪಟ್ಟಿ ಹಾಗೆಯೇ ಉಳಿಯಿತು, ಕಾದಿಗೆ ಸಂಬಂಧಿಸಿದಂತೆ ಯುರೋಪಿನ ಜಾರಿ ನಿಯಮ ಬಿತ್ತು.

ಎರಡನೆಯ ಸೂಕ್ಷ್ಮ ಇನ್ನೂ ಮುಖ್ಯ. ಖಾತೆ ಸ್ತಂಭನ ಮಾಡುವ ಮೊದಲೇ ನೋಟಿಸ್ ಕೊಟ್ಟು ವಿಚಾರಣೆ ನಡೆಸಬೇಕು ಎಂದು ನ್ಯಾಯಾಲಯ ಹೇಳಲಿಲ್ಲ. ಹಾಗೆ ಮಾಡಿದರೆ ನೋಟಿಸ್ ಕೈಸೇರುವಷ್ಟರಲ್ಲಿ ಖಾತೆ ಖಾಲಿಯಾಗಿರುತ್ತದೆ. ಮೊದಲ ಸಲ ಅನಿರೀಕ್ಷಿತವಾಗಿ ಹಿಡಿಯುವುದು ಕ್ರಮದ ಉದ್ದೇಶಕ್ಕೇ ಬೇಕಾದದ್ದು ಎಂದು ಅದು ಒಪ್ಪಿತು. ಆದರೆ ಹೆಸರು ಸೇರಿಸುವಾಗಲೇ, ಆಗದಿದ್ದರೆ ಅನಂತರ ಸಾಧ್ಯವಾದಷ್ಟು ಬೇಗ, ಕಾರಣಗಳನ್ನು ತಿಳಿಸಬೇಕು. ಕಾರಣ ತಿಳಿಯದವನು ಉತ್ತರ ಕೊಡಲಾರ, ಕಾರಣ ಕಾಣದ ನ್ಯಾಯಾಧೀಶರೂ ಪರಿಶೀಲಿಸಲಾರರು. ನಮ್ಮ ಆಡಳಿತ ಕಾನೂನಿನಲ್ಲಿ ಸಹಜ ನ್ಯಾಯದ ತತ್ವ ಓದಿದವರಿಗೆ, ತೀರ್ಮಾನದ ನಂತರದ ವಿಚಾರಣೆ ಎಂಬ ಪರಿಕಲ್ಪನೆ ಇಲ್ಲಿ ನೆನಪಾಗಬೇಕು.

ಹಾಗೆಂದು ಕಾದಿಯ ಹಣ ಕೂಡಲೇ ಬಿಡುಗಡೆಯಾಗಲಿಲ್ಲ. ಲೋಪ ಸರಿಪಡಿಸಿಕೊಳ್ಳಲೆಂದು ನ್ಯಾಯಾಲಯವೇ ನಿಯಮವನ್ನು ಮೂರು ತಿಂಗಳ ಮಟ್ಟಿಗೆ ಉಳಿಸಿತು. ಆ ಅವಧಿಯಲ್ಲಿ ಆಯೋಗ, ವಿಶ್ವಸಂಸ್ಥೆಯ ಸಮಿತಿಯಿಂದ ಪಡೆದ ಕಾರಣಗಳ ಸಾರಾಂಶವನ್ನು ಕಾದಿಗೆ ಕಳಿಸಿ, ಅವರ ಉತ್ತರ ಪಡೆದು, ನವೆಂಬರ್ ಕೊನೆಯಲ್ಲಿ ಹೊಸ ನಿಯಮ ಹೊರಡಿಸಿ ಹೆಸರನ್ನು ಹಾಗೇ ಉಳಿಸಿಕೊಂಡಿತು.

ಕಾದಿ: ಎರಡನೇ ಸುತ್ತು, ಸಾಕ್ಷ್ಯದ ಪ್ರಶ್ನೆ

ಹೆಚ್ಚಿನ ಟಿಪ್ಪಣಿಗಳು 2008ಕ್ಕೇ ನಿಲ್ಲುತ್ತವೆ. ನನ್ನ ಮಟ್ಟಿಗೆ ಹೆಚ್ಚು ತೂಕದ ತೀರ್ಪು 2013ರದ್ದು. ಕಾರಣ ತಿಳಿಸಿದರೆ ಸಾಕೇ, ಅದನ್ನು ರುಜುವಾತು ಮಾಡಬೇಕೇ ಎಂಬುದು ಇತ್ಯರ್ಥವಾದದ್ದು ಆಗಲೇ.

ಸಾರಾಂಶದಲ್ಲಿದ್ದ ಆರೋಪಗಳ ರೀತಿಯನ್ನು ಗಮನಿಸಿ. ಮುವಫಾಕ್ ಎಂಬ ದತ್ತಿ ಸಂಸ್ಥೆಯ ಸ್ಥಾಪಕ ಟ್ರಸ್ಟಿಗಳಲ್ಲಿ ಒಬ್ಬರಾಗಿದ್ದರು ಎಂಬುದು ಒಂದು. ಸರಾಯೆವೊದ ಒಂದು ಬ್ಯಾಂಕಿನಲ್ಲಿ ಅವರಿಗೆ ದೊಡ್ಡ ಪಾಲಿತ್ತು, ಸೌದಿಯಲ್ಲಿನ ಅಮೆರಿಕನ್ ನೆಲೆಯ ಮೇಲೆ ದಾಳಿಯ ಸಂಚು ಅಲ್ಲಿ ನಡೆದಿರಬಹುದು ಎಂಬುದು ಇನ್ನೊಂದು. ಅಲ್ಬೇನಿಯಾದಲ್ಲಿ ಅವರ ಕಂಪನಿಗಳು ಉಗ್ರರಿಗೆ ಹಣ ರವಾನಿಸಿದವು ಎಂಬುದು ಮತ್ತೊಂದು. ಕಾದಿ ಒಂದೊಂದಕ್ಕೂ ವಿವರವಾದ ಉತ್ತರ ಬರೆದರು. ಆಯೋಗದ ಬಳಿ ಈ ಆರೋಪಗಳಿಗೆ ಸಾಕ್ಷ್ಯ ಇರಲಿಲ್ಲ. ಸಾಕ್ಷ್ಯವನ್ನು ಸಮಿತಿ ಕಳಿಸಿಯೇ ಇರಲಿಲ್ಲ.

2010ರ ಸೆಪ್ಟೆಂಬರ್ 30ರಂದು ಕೆಳ ನ್ಯಾಯಾಲಯ ಹೊಸ ನಿಯಮವನ್ನೂ ಕಾದಿಯ ಮಟ್ಟಿಗೆ ರದ್ದುಪಡಿಸಿತು. ಆಯೋಗ, ಸಚಿವರ ಮಂಡಳಿ, ಬ್ರಿಟನ್ ಮೇಲ್ಮನವಿ ಹೋದವು. 2013ರ ಜುಲೈ 18ರಂದು ಮಹಾಪೀಠ ಮೇಲ್ಮನವಿ ವಜಾ ಮಾಡಿತು. ಅದು ಹಾಕಿಕೊಟ್ಟ ಅಳತೆಗೋಲು ಇದು: ಕೊಟ್ಟ ಕಾರಣಗಳು ಉತ್ತರಿಸಬಹುದಾದಷ್ಟು ವಿವರವಾಗಿ, ನಿರ್ದಿಷ್ಟವಾಗಿ ಇರಬೇಕು. ಅವುಗಳಲ್ಲಿ ಕನಿಷ್ಠ ಒಂದಾದರೂ, ತಾನೊಂದೇ ಪಟ್ಟಿಗೆ ಸೇರಿಸಲು ಸಾಕಾಗುವಂಥದ್ದು, ವಾಸ್ತವಾಂಶಗಳಿಂದ ಸ್ಥಾಪಿತವಾಗಿರಬೇಕು. ಸ್ಥಾಪಿಸುವ ಹೊಣೆ ಅಧಿಕಾರಿಗಳದ್ದು. ತಾನು ಏನೂ ಮಾಡಿಲ್ಲ ಎಂದು ತೋರಿಸುವ ಹೊಣೆ ವ್ಯಕ್ತಿಯದ್ದಲ್ಲ.

ಈ ಅಳತೆಗೋಲನ್ನು ಕಾದಿಯ ಕಡತಕ್ಕೆ ಹಿಡಿದಾಗ, ಅಲ್ಬೇನಿಯಾದ ಆರೋಪ ಮೊದಲ ಹಂತದಲ್ಲೇ ಬಿತ್ತು. ಯಾವ ಕಂಪನಿ, ಯಾವಾಗ ಎಂಬ ವಿವರವೇ ಇರಲಿಲ್ಲ. ಉಳಿದವು ಸಾಕಷ್ಟು ನಿರ್ದಿಷ್ಟ ಎಂದು ನ್ಯಾಯಾಲಯ ಒಪ್ಪಿತು, ನಡೆದಿರಬಹುದು ಎಂಬ ಮಾತು ಇದ್ದರೂ ಬ್ಯಾಂಕಿನ ಆರೋಪವನ್ನು ಸೇರಿಸಿ. ಇಲ್ಲಿ ಅದು ಕೆಳ ನ್ಯಾಯಾಲಯಕ್ಕಿಂತ ಆಯೋಗದ ಕಡೆಗೇ ಹೆಚ್ಚು ಉದಾರವಾಗಿತ್ತು. ಆದರೆ ಕಾದಿಯ ವಿವರವಾದ ನಿರಾಕರಣೆಯ ಎದುರು ಒಂದಕ್ಕೂ ಸಾಕ್ಷ್ಯ ಇರಲಿಲ್ಲ. ಗೋಪ್ಯ ಮಾಹಿತಿಯ ಬಗೆಗೂ ದಾರಿ ತೋರಿಸಿತು: ಭದ್ರತೆಯ ಕಾರಣಕ್ಕೆ ಕೆಲವನ್ನು ಎದುರು ಪಕ್ಷಕ್ಕೆ ತೋರಿಸದಿರಬಹುದು, ನ್ಯಾಯಾಧೀಶರಿಗೆ ಮಾತ್ರ ಮುಚ್ಚಿಡುವಂತಿಲ್ಲ. ತೋರಿಸಲಾಗದ್ದರ ಸಾರಾಂಶ ಕೊಡಬಹುದೇ ಎಂದು ನೋಡಬೇಕು. ಏನನ್ನೂ ಕೊಡದಿದ್ದರೆ, ಕೊಟ್ಟಷ್ಟರ ಮೇಲೆಯೇ ತೀರ್ಮಾನ.

ಈ ತೀರ್ಪು ಬರುವ ಹೊತ್ತಿಗೆ ಕಾದಿ ವಿಶ್ವಸಂಸ್ಥೆಯ ಪಟ್ಟಿಯಿಂದಲೇ ಹೊರಬಂದಿದ್ದರು. ದಿನಾಂಕ 2012ರ ಅಕ್ಟೋಬರ್ 5. ಸೇರಿ ಹನ್ನೊಂದು ವರ್ಷಕ್ಕೆ ಕೆಲವೇ ದಿನ ಕಡಿಮೆ. ಅವರನ್ನು ಹೊರತಂದದ್ದು ನ್ಯಾಯಾಲಯವಲ್ಲ, ನ್ಯಾಯಾಲಯಗಳ ಒತ್ತಡದಿಂದ ಹುಟ್ಟಿದ ಒಂದು ಕಚೇರಿ.

ಒಂಬುಡ್ಸ್‌ಪರ್ಸನ್

2008ರ ತೀರ್ಪಿನ ನಂತರ ಭದ್ರತಾ ಮಂಡಳಿಗೆ ನಿಜವಾದ ಇಕ್ಕಟ್ಟು ಎದುರಾಯಿತು. ಪಟ್ಟಿ ಮಾಡುವುದು ನ್ಯೂಯಾರ್ಕ್‌ನಲ್ಲಾದರೂ ಬ್ಯಾಂಕ್ ಖಾತೆ ಮುಚ್ಚುವುದು ಸದಸ್ಯ ದೇಶಗಳು. ಅಲ್ಲಿನ ನ್ಯಾಯಾಲಯಗಳು ಒಂದೊಂದಾಗಿ ಜಾರಿಯನ್ನು ತಡೆದರೆ ಪಟ್ಟಿ ಕಾಗದದ ಮೇಲಷ್ಟೇ ಉಳಿಯುತ್ತದೆ. 2010ರ ಜನವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ ಅಹ್ಮದ್ ಪ್ರಕರಣದಲ್ಲಿ, ಸಂಸತ್ತಿನ ಸ್ಪಷ್ಟ ಒಪ್ಪಿಗೆ ಇಲ್ಲದೆ ಕಾರ್ಯಾಂಗದ ಆದೇಶದ ಮೂಲಕ ಇಂಥ ಸ್ತಂಭನ ಮಾಡಿದ್ದನ್ನು ತಳ್ಳಿಹಾಕಿತು.

2009ರ ಡಿಸೆಂಬರ್ 17ರ 1904ನೇ ನಿರ್ಣಯ ಒಂಬುಡ್ಸ್‌ಪರ್ಸನ್ ಕಚೇರಿಯನ್ನು ತೆರೆಯಿತು. ಕೆನಡಾದ ಕಿಂಬರ್ಲಿ ಪ್ರೋಸ್ಟ್ 2010ರಲ್ಲಿ ಮೊದಲಿಗರಾಗಿ ಬಂದರು. ಆರಂಭದಲ್ಲಿ ಈ ಹುದ್ದೆಗೆ ಶಿಫಾರಸಿನ ಬಲವೂ ಇರಲಿಲ್ಲ, ಅದು ಬಂದದ್ದು 2011ರ ಜೂನ್ 17ರ 1989ನೇ ನಿರ್ಣಯದಿಂದ. ಅದೇ ದಿನ 1988ನೇ ನಿರ್ಣಯ ತಾಲಿಬಾನ್ ಪಟ್ಟಿಯನ್ನು ಪ್ರತ್ಯೇಕಿಸಿತು. ಈ ಎರಡು ನಿರ್ಣಯಗಳ ಸಂಖ್ಯೆ ಅದಲುಬದಲಾಗದಂತೆ ನೋಡಿಕೊಳ್ಳಿ.

ಕೆಲಸ ನಡೆಯುವ ಕ್ರಮ ಹೀಗಿದೆ. ಅರ್ಜಿ ಬಂದ ಮೇಲೆ ನಾಲ್ಕು ತಿಂಗಳು ಮಾಹಿತಿ ಸಂಗ್ರಹ, ಬೇಕಾದರೆ ಇನ್ನೆರಡು. ಆಮೇಲೆ ಎರಡು ತಿಂಗಳು ಅರ್ಜಿದಾರರ ಜತೆ ಮಾತುಕತೆ, ಇದನ್ನೂ ಎರಡು ತಿಂಗಳು ವಿಸ್ತರಿಸಬಹುದು. ಹೆಸರನ್ನು ಉಳಿಸಿಕೊಳ್ಳಲು ಇವತ್ತಿಗೂ ಸಮಂಜಸವಾದ, ನಂಬತಕ್ಕ ಆಧಾರ ಇದೆಯೇ ಎಂದು ಒಂಬುಡ್ಸ್‌ಪರ್ಸನ್ ನೋಡುತ್ತಾರೆ. ತೆಗೆಯಿರಿ ಎಂದು ಶಿಫಾರಸು ಮಾಡಿದರೆ, ಸಮಿತಿ ಪರಿಶೀಲನೆ ಮುಗಿಸಿದ 60 ದಿನಗಳಿಗೆ ಹೆಸರು ತಾನಾಗಿ ಹೋಗುತ್ತದೆ. ತಡೆಯಬೇಕಾದರೆ 15 ಸದಸ್ಯರೂ ಉಳಿಸೋಣ ಎಂದು ಒಮ್ಮತಕ್ಕೆ ಬರಬೇಕು, ಇಲ್ಲವೇ ವಿಷಯವನ್ನು ಭದ್ರತಾ ಮಂಡಳಿಗೇ ಒಯ್ಯಬೇಕು. ಹಳೆಯ ನಿಯಮ ತಲೆಕೆಳಗಾದದ್ದು ಇಲ್ಲಿ. ಮೊದಲು ಒಬ್ಬರು ಬೇಡ ಎಂದರೆ ವ್ಯಕ್ತಿ ಒಳಗೇ ಉಳಿಯುತ್ತಿದ್ದ, ಈಗ ಒಳಗೆ ಉಳಿಸಲು ಎಲ್ಲರೂ ಒಪ್ಪಬೇಕು.

ಕೊರತೆಗಳೂ ಸಣ್ಣವಲ್ಲ. ಇದು ನ್ಯಾಯಾಲಯವಲ್ಲ, ತಪ್ಪಾಗಿ ಸೇರಿಸಿದ್ದಕ್ಕೆ ಪರಿಹಾರ ಕೊಡಿಸುವ ಅಧಿಕಾರ ಇದಕ್ಕಿಲ್ಲ. ವರದಿ ಸಾರ್ವಜನಿಕವಲ್ಲ. ಗೋಪ್ಯ ಮಾಹಿತಿಯನ್ನು ತೋರಿಸುವುದು ಆಯಾ ದೇಶದ ಇಚ್ಛೆ. ಇವೆಲ್ಲಕ್ಕಿಂತ ದೊಡ್ಡ ಕೊರತೆ ವ್ಯಾಪ್ತಿಯದ್ದು. ಈ ಸೌಲಭ್ಯ ಇರುವುದು ಐಸಿಸ್ ಮತ್ತು ಅಲ್ ಖೈದಾ ಪಟ್ಟಿಯವರಿಗೆ ಮಾತ್ರ. ತಾಲಿಬಾನ್, ಉತ್ತರ ಕೊರಿಯಾ, ಲಿಬಿಯಾ, ಕಾಂಗೋ ಮುಂತಾದ ಪಟ್ಟಿಗಳಲ್ಲಿರುವವರಿಗೆ ಇರುವುದು 2006ರ ಆ ಅರ್ಜಿ ಕೇಂದ್ರವೇ. 2024ರ ಜುಲೈನಲ್ಲಿ 2744ನೇ ನಿರ್ಣಯ ಅದಕ್ಕೆ ಒಂದಿಷ್ಟು ಶಕ್ತಿ ತುಂಬಿತು, ಆದರೆ ಒಂಬುಡ್ಸ್‌ಪರ್ಸನ್‌ಗಿರುವ ಶಿಫಾರಸಿನ ಬಲ ಕೊಡಲಿಲ್ಲ. ಒಂದೇ ಮಂಡಳಿ ಹೇರಿದ ಒಂದೇ ಬಗೆಯ ನಿರ್ಬಂಧಕ್ಕೆ ಎರಡು ಬಗೆಯ ಪರಿಹಾರ ಇರುವುದನ್ನು ಸಮರ್ಥಿಸಲು ನನಗೆ ತೃಪ್ತಿಕರ ಕಾರಣ ಕಂಡಿಲ್ಲ.

ಭಾರತದಲ್ಲಿ

ವಿಶ್ವಸಂಸ್ಥೆಯ ಪಟ್ಟಿ ನಮ್ಮಲ್ಲಿ ಜಾರಿಯಾಗುವುದು ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, ಅಂದರೆ ಯುಎಪಿಎಯ 51-ಎ ಕಲಮಿನಡಿ. ಇದು 2008ರ ತಿದ್ದುಪಡಿಯಲ್ಲಿ ಬಂತು. ಆಸ್ತಿ ಸ್ತಂಭನ, ಪ್ರವೇಶ ಮತ್ತು ಸಂಚಾರ ನಿಷೇಧದ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ.

ಇದರ ಜತೆ ದೇಶದ್ದೇ ಆದ ಪಟ್ಟಿಯೂ ಇದೆ. 2019ರ ತಿದ್ದುಪಡಿಗೆ ಮೊದಲು ಸಂಘಟನೆಗಳನ್ನಷ್ಟೇ ಭಯೋತ್ಪಾದಕ ಎಂದು ಘೋಷಿಸಬಹುದಿತ್ತು. ಈಗ 35ನೇ ಕಲಮಿನಡಿ ವ್ಯಕ್ತಿಯ ಹೆಸರನ್ನೂ ನಾಲ್ಕನೇ ಅನುಸೂಚಿಗೆ ಸೇರಿಸಬಹುದು. ಅದಕ್ಕೆ ಅಪರಾಧ ಸಾಬೀತಾಗಿರಬೇಕಿಲ್ಲ, ಆತ ಭಯೋತ್ಪಾದನೆಯಲ್ಲಿ ತೊಡಗಿದ್ದಾನೆ ಎಂದು ಸರ್ಕಾರ ನಂಬಿದರೆ ಸಾಕು. 2019ರ ಸೆಪ್ಟೆಂಬರ್‌ನಲ್ಲಿ ಮೊದಲು ಸೇರಿದ ನಾಲ್ವರು ಮಸೂದ್ ಅಜರ್, ಹಫೀಜ್ ಸಯೀದ್, ಝಕಿಉರ್ ರೆಹಮಾನ್ ಲಖ್ವಿ, ದಾವೂದ್ ಇಬ್ರಾಹಿಂ.

ಹೊರಬರುವ ದಾರಿ 36ನೇ ಕಲಮಿನಲ್ಲಿದೆ. ಮೊದಲು ಕೇಂದ್ರ ಸರ್ಕಾರಕ್ಕೇ ಅರ್ಜಿ. ತಿರಸ್ಕರಿಸಿದರೆ, ಆ ಆದೇಶ ಕೈಸೇರಿದ ಒಂದು ತಿಂಗಳೊಳಗೆ ಪರಿಶೀಲನಾ ಸಮಿತಿಗೆ. ಹೈಕೋರ್ಟಿನ ಹಾಲಿ ಅಥವಾ ಮಾಜಿ ನ್ಯಾಯಮೂರ್ತಿ ಇದರ ಅಧ್ಯಕ್ಷರು, ಉಳಿದ ಸದಸ್ಯರು ಗರಿಷ್ಠ ಮೂವರು. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ರಿಟ್ ಅಧಿಕಾರ ಸಂವಿಧಾನದ 226 ಮತ್ತು 32ನೇ ವಿಧಿಗಳಡಿ ಇದ್ದೇ ಇದೆ.

ಕಾದಿಯ ಅಳತೆಗೋಲನ್ನು ಇಲ್ಲಿ ಹಿಡಿದು ನೋಡುವ ಪ್ರಶ್ನೆ ಮುಖ್ಯ ಪರೀಕ್ಷೆಗೆ ಬಂದರೆ ಎರಡು ವ್ಯತ್ಯಾಸಗಳನ್ನು ಬರೆಯಿರಿ. ಸಮಿತಿಯ ಅಧ್ಯಕ್ಷತೆ ನ್ಯಾಯಾಂಗದವರದ್ದಾಗಿರುವುದು ಭಾರತದ ವ್ಯವಸ್ಥೆಯ ಬಲ. ಹೆಸರು ಸೇರಿಸಿದ ಕಾರಣಗಳನ್ನು ಆ ವ್ಯಕ್ತಿಗೆ ಕೊಡಲೇಬೇಕು ಎಂದು ಕಾಯ್ದೆ ಸ್ಪಷ್ಟವಾಗಿ ಹೇಳದಿರುವುದು ಅದರ ದೌರ್ಬಲ್ಯ. ಕಾರಣ ಗೊತ್ತಿಲ್ಲದೆ 36ನೇ ಕಲಮಿನ ಅರ್ಜಿಯಲ್ಲಿ ಏನನ್ನು ಬರೆಯಬೇಕು ಎಂಬುದು, ಲಕ್ಸೆಂಬರ್ಗ್‌ನಲ್ಲಿ ಕಾದಿ ಎತ್ತಿದ ಮೊದಲ ದೂರೇ.